‘ನೋಡೋಣ ಬ್ರೋ’ ಇಂದ ‘ಕಳಿಸುತ್ತೇವೆ’ವರೆಗೆ

"ಸೂಪರ್ ಕ್ವಾಲಿಟಿ ಕಣ್ರಪ್ಪ. ಎರಡೇ ವಾರಕ್ಕೆ ಜಿಪ್ ಕೈಗೇ ಬಂತು."

ಇದು ನಮ್ಮ ಪೇಜಿಗೆ ಬಂದ ಒಂದು ಕಾಮೆಂಟ್. ಅದರ ಕೆಳಗೆ ನಮ್ಮದೇ ಬ್ರ್ಯಾಂಡಿನ ಉತ್ತರ: "ಥ್ಯಾಂಕ್ಯೂ ಸೋ ಮಚ್ ಗುರು!" ಪಕ್ಕದಲ್ಲಿ ಮೂರು ಕೆಂಪು ಹೃದಯ.

ಬರೆದವರು ಮೊದಲ ಎರಡು ಪದ ಓದಿ ಮುಂದಿನ ಕಾಮೆಂಟಿಗೆ ಹೋಗಿಬಿಟ್ಟಿದ್ದರು. ಜನ ಸುಮ್ನೆ ಬಿಡ್ತಾರಾ? ಸಂಜೆಯೊಳಗೆ ಸ್ಕ್ರೀನ್‌ಶಾಟ್ ಎಲ್ಲ ಕಡೆ ಓಡಾಡಿತು. ಮರುದಿನ ಬೆಳಿಗ್ಗೆ ನಮ್ಮ ಮಾರ್ಕೆಟಿಂಗ್ ಮೇಡಂ ನನ್ನ ಮೇಜಿನ ಹತ್ತಿರ ಬಂದರು. "ಇದುವರೆಗೆ ನಾವು ಕೊಟ್ಟಿರೋ ಉತ್ತರಗಳನ್ನೆಲ್ಲ ಒಮ್ಮೆ ಓದಿ. ಎಲ್ಲವನ್ನೂ ನೆಟ್ಟಗೆ, ಒಬ್ಬರೇ ಮಾತಾಡಿದ ಹಾಗೆ ಬರೆದುಕೊಡಿ. ಮುಂದೆ ಹುಡುಗರು ಅದನ್ನು ನೋಡಿಕೊಂಡು ಬರೆಯಲಿ" ಎಂದರು.

ನಮ್ಮದು ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗ್ ಮಾಡುವ ಕಂಪನಿ. ನಾನು ಅಲ್ಲಿ ಜಾಹೀರಾತಿನ ಬರಹ ಬರೆಯುತ್ತೇನೆ. ಕಾಮೆಂಟಿಗೆ ಉತ್ತರ ಬರೆಯುವುದು ನನ್ನ ಕೆಲಸವಾಗಿರಲಿಲ್ಲ. ಹಾಗಾಗಿ ಇದೊಂದು ವಾರದ ಕೆಲಸ ಅಂದುಕೊಂಡೆ. ‘ಬ್ರೋ’ ತೆಗೆದು ‘ಸರ್’ ಹಾಕಿ, ಎಮೋಜಿ ಅಳಿಸಿ, ಕೊನೆಗೊಂದು ‘ಧನ್ಯವಾದ’ ಸೇರಿಸಿದರೆ ಮುಗಿಯಿತಲ್ವಾ? ಎರಡು ತಿಂಗಳು ಹಿಡಿಯಿತು.

ಮೊದಲು ಹಿಂದಿನ ಮೂರು ತಿಂಗಳ ಉತ್ತರಗಳನ್ನು ಒಂದು ಶೀಟಿನಲ್ಲಿ ಹಾಕಿಕೊಂಡೆ. ಒಂದು ಕಾಲಮ್ಮಿನಲ್ಲಿ ಗ್ರಾಹಕರ ಕಾಮೆಂಟ್, ಅದರ ಪಕ್ಕದಲ್ಲಿ ನಮ್ಮ ಉತ್ತರ, ಆಮೇಲೆ ಉತ್ತರ ಕೊಟ್ಟ ಸಮಯ. ಯಾರು ಬರೆದದ್ದು ಅಂತ ಬೇರೆ ಕಾಲಮ್ ಬೇಕಾಗಲೇ ಇಲ್ಲ. ಐವತ್ತು ಸಾಲು ಓದುವಷ್ಟರಲ್ಲಿ ಮೂರು ಜನ ಬೇರೆಬೇರೆಯಾಗಿ ಕಂಡರು. ಬೆಳಿಗ್ಗೆ ಬರೆಯುವವರದು ‘ಬ್ರೋ’, ‘ಗುರು’, ‘ಬಾಸ್’. ಮಧ್ಯಾಹ್ನದವರದು ಎಲ್ಲದಕ್ಕೂ ‘ಡಿಯರ್ ಕಸ್ಟಮರ್’. ಸಂಜೆಯವರು ಮಾತ್ರ ಹಾಸ್ಯದ ಮನುಷ್ಯ. ಯಾರಾದರೂ ಬೈದರೆ ವಾಪಸ್ ಒಂದು ಚಟಾಕಿ ಹಾರಿಸದೆ ಇರುತ್ತಿರಲಿಲ್ಲ. ಒಂದೇ ಗ್ರಾಹಕರು ಬೆಳಿಗ್ಗೆ ಕೇಳಿ, ಮಧ್ಯಾಹ್ನ ನೆನಪಿಸಿ, ಸಂಜೆ ಮತ್ತೆ ಕೇಳಿದರೆ ಮೂರು ಬೇರೆ ಕಂಪನಿಗಳ ಜೊತೆ ಮಾತಾಡಿದ ಹಾಗೆ ಆಗುತ್ತಿತ್ತು. ಒಬ್ಬರ ವಿಷಯದಲ್ಲಿ ನಿಜವಾಗಿ ಹಾಗೇ ಆಗಿತ್ತು. ಬೆಳಿಗ್ಗೆ "ಬ್ರೋ ಚಿಂತೆ ಬೇಡ", ಮಧ್ಯಾಹ್ನ "ತಮ್ಮ ಕೋರಿಕೆಯನ್ನು ಸಂಬಂಧಪಟ್ಟವರಿಗೆ ತಿಳಿಸಲಾಗಿದೆ", ಸಂಜೆ "ಬ್ಯಾಗ್ ದಾರಿ ತಪ್ಪಿರಬೇಕು, ಮ್ಯಾಪ್ ಕೊಟ್ಟು ಕಳಿಸಬೇಕಿತ್ತು ಹಹ". ಆ ಮನುಷ್ಯ ನಾಲ್ಕನೇ ಸಲ ಏನನ್ನೂ ಕೇಳಲಿಲ್ಲ.

ಓದುತ್ತಾ ಹೋದ ಹಾಗೆ ಒಂದು ಪದ ಕಣ್ಣಿಗೆ ಚುಚ್ಚಲು ಶುರುವಾಯಿತು. ಅದು ‘ನೋಡೋಣ’. "ಡಿಎಂ ಮಾಡಿ ನೋಡೋಣ", "ವಿಚಾರಿಸಿ ನೋಡೋಣ", "ಏನಾದ್ರೂ ಮಾಡೋಣ ಬ್ರೋ". ಕನ್ನಡದವರಿಗೆ ‘ನೋಡೋಣ’ ಅಂದರೆ ಏನಂತ ಬಿಡಿಸಿ ಹೇಳಬೇಕಿಲ್ಲ. ಮದುವೆಗೆ ಬರ್ತೀರಾ ಅಂದಾಗ ‘ನೋಡೋಣ’ ಅಂದರೆ ಬರುವುದಿಲ್ಲ ಅಂತಲೇ. ಸಾಲ ಕೇಳಿದಾಗ ‘ನೋಡೋಣ’ ಅಂದರೂ ಅಷ್ಟೇ. ನಮ್ಮ ಹುಡುಗರು ಅದನ್ನು ಸ್ನೇಹದ ಮಾತು ಅಂತ ಬರೆದಿದ್ದರು. ಓದುವವರಿಗೆ ಅದು ನಯವಾದ ‘ಇಲ್ಲ’ ಆಗಿ ಕೇಳಿಸುತ್ತಿತ್ತು.

ಆದರೂ ಆಗ ನನಗೆ ಇದರ ಪೂರ್ತಿ ಅರ್ಥ ಆಗಿರಲಿಲ್ಲ. ಪದದ ತೊಂದರೆ ಅಂದುಕೊಂಡು ಪದ ಬದಲಿಸಲು ಕೂತೆ.

ನನ್ನ ಮೊದಲ ಸುತ್ತಿನ ಬರಹ ಈಗ ಓದಿದರೆ ನಾಚಿಕೆಯಾಗುತ್ತದೆ. ಒಂದು ಉದಾಹರಣೆ ಸಾಕು. ಗ್ರಾಹಕರ ಕಾಮೆಂಟ್: "ತಗೊಂಡು ಹದಿನೈದು ದಿನ ಆಗಿಲ್ಲ, ಸೈಡ್ ಪಾಕೆಟ್ ಜಿಪ್ ಹಾಕಿದ್ರೆ ಹಿಂದೇನೇ ಬಿಚ್ಕೊಳ್ಳುತ್ತೆ. ಏನ್ ಮಾಡ್ಬೇಕು ಈಗ?" ನಮ್ಮ ಹಳೆಯ ಉತ್ತರ: "ಅಯ್ಯೋ ಬ್ರೋ, ಸ್ವಲ್ಪ ಜೋಪಾನವಾಗಿ ಬಳಸಿದ್ರೆ ಹೀಗಾಗಲ್ಲ. ಡಿಎಂ ಮಾಡಿ ನೋಡೋಣ." ಅದನ್ನು ತಿದ್ದಿ ನಾನು ಬರೆದದ್ದು ಹೀಗೆ:

"ಆತ್ಮೀಯ ಗ್ರಾಹಕರೇ, ತಮಗೆ ಉಂಟಾದ ಅನಾನುಕೂಲತೆಗೆ ವಿಷಾದಿಸುತ್ತೇವೆ. ತಮ್ಮ ದೂರನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು."

ಬರೆದಾಗ ಎಷ್ಟು ಖುಷಿಯಾಗಿತ್ತು ಅಂದರೆ, ಅವತ್ತೇ ಬಂದಿದ್ದ ಇಂಥದೇ ಇನ್ನೊಂದು ಕಾಮೆಂಟಿಗೆ ಅದನ್ನೇ ಹಾಕಿಸಿದೆ. ಹತ್ತು ನಿಮಿಷಕ್ಕೆ ಮರು ಕಾಮೆಂಟ್ ಬಂತು: "ಇದು ಬ್ಯಾಗ್ ಕಂಪನಿಯೋ, ಸರ್ಕಾರಿ ಕಚೇರಿಯೋ?" ಅದಕ್ಕೆ ಬಿದ್ದ ಲೈಕ್ ನಮ್ಮ ಪೋಸ್ಟಿಗೇ ಬಿದ್ದಿರಲಿಲ್ಲ. (‘ಅನಾನುಕೂಲತೆ’ ಅನ್ನುವ ರೂಪವೇ ತಪ್ಪು, ‘ಅನನುಕೂಲ’ ಆಗಬೇಕು ಅಂತ ಇನ್ನೊಬ್ಬರು ಪಾಠ ಮಾಡಿದರು. ಅವರು ಹೇಳಿದ್ದೂ ಸರಿ.)

ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಒಂದರಲ್ಲಿ ಬ್ರೋ, ಇನ್ನೊಂದರಲ್ಲಿ ಆತ್ಮೀಯ ಗ್ರಾಹಕರು. ಒಂದು ಆಡುಮಾತು, ಇನ್ನೊಂದು ನೋಟೀಸು. ಆದರೆ ಓದುವವರಿಗೆ ಸಿಗುವುದು ಎರಡರಲ್ಲೂ ಒಂದೇ, ಅಂದರೆ ಏನೂ ಇಲ್ಲ. ‘ನೋಡೋಣ’ ಅಂದರೂ ‘ಕ್ರಮ ಕೈಗೊಳ್ಳಲಾಗುವುದು’ ಅಂದರೂ ಯಾರು ಏನು ಮಾಡುತ್ತಾರೆ ಅಂತ ಗೊತ್ತಾಗುವುದಿಲ್ಲ. ‘ನೋಡೋಣ’ದಲ್ಲಿ ಗ್ರಾಹಕರೂ ಸೇರಿ ಎಲ್ಲರೂ ನೋಡಬೇಕು. ‘ಲಾಗುವುದು’ ಅಂದರೆ ಯಾರೂ ಮಾಡುವುದಿಲ್ಲ, ಅದಾಗಿಯೇ ಆಗಬೇಕು.

ಕನ್ನಡದಲ್ಲಿ ಕೆಲಸ ಮಾಡುವವರು ಯಾರು ಅಂತ ಕ್ರಿಯಾಪದದ ಬಾಲವೇ ಹೇಳಿಬಿಡುತ್ತದೆ. ‘ನಾವು’ ಅಂತ ಬರೆಯದಿದ್ದರೂ ‘ಕಳಿಸುತ್ತೇವೆ’ ಅಂದರೆ ಕಳಿಸುವವರು ನಾವೇ. ಅಲ್ಲಿ ತಪ್ಪಿಸಿಕೊಳ್ಳಲು ಜಾಗವಿಲ್ಲ. ತಪ್ಪಿಸಿಕೊಳ್ಳಬೇಕು ಅಂದರೆ ಬಾಲವನ್ನೇ ಬದಲಿಸಬೇಕು. ಮೂರು ತಿಂಗಳ ಶೀಟಿನಲ್ಲಿ ದೂರುಗಳ ಉತ್ತರವನ್ನಷ್ಟೇ ಬೇರೆ ಮಾಡಿ, ‘ತ್ತೇವೆ’ ಅಂತ ಮುಗಿಯುವ ವಾಕ್ಯ ಎಷ್ಟಿವೆ ಅಂತ ಹುಡುಕಿದೆ. ಬೆರಳಲ್ಲಿ ಎಣಿಸುವಷ್ಟು ಸಿಕ್ಕವು. ಅವುಗಳಲ್ಲಿ ಅರ್ಧ ‘ವಿಷಾದಿಸುತ್ತೇವೆ’.

ಆಗ ನಾನು ಮಾಡಿಕೊಂಡ ಮೊದಲ ನಿಯಮ ಇಷ್ಟೇ: ದೂರಿಗೆ ಕೊಡುವ ಪ್ರತಿ ಉತ್ತರದಲ್ಲೂ ನಾವು ಮಾಡುವ ಒಂದು ಕೆಲಸ ‘ತ್ತೇವೆ’ ಅಂತ ಮುಗಿಯಬೇಕು. ವಿಷಾದಿಸುವುದು, ಶ್ರಮಿಸುವುದು, ಬದ್ಧರಾಗಿರುವುದು ಲೆಕ್ಕಕ್ಕಿಲ್ಲ. ಕೈಯಿಂದ ಮಾಡುವ ಕೆಲಸವೇ ಬೇಕು. ಹಾಕಿಕೊಡುತ್ತೇವೆ, ಕಳಿಸುತ್ತೇವೆ, ವಾಪಸ್ ಕೊಡುತ್ತೇವೆ, ಇಂಥ ದಿನ ಹೇಳುತ್ತೇವೆ.

ನಿಯಮವೇನೋ ಚೆನ್ನಾಗಿತ್ತು. ಜಿಪ್ಪಿನ ಕಾಮೆಂಟನ್ನು ಮತ್ತೆ ಮುಂದಿಟ್ಟುಕೊಂಡೆ. "ನಮಸ್ಕಾರ. ಹದಿನೈದು ದಿನಕ್ಕೇ ಜಿಪ್ ಕೈಕೊಟ್ಟಿದ್ದಕ್ಕೆ ಕ್ಷಮಿಸಿ. ನಾವು..." ಮುಂದೆ ಏನು? ಹೊಸ ಬ್ಯಾಗ್ ಕೊಡುತ್ತೇವಾ? ರಿಪೇರಿ ಮಾಡಿಕೊಡುತ್ತೇವಾ? ಬಿಲ್ ಬೇಕಾ? ಎಷ್ಟು ದಿನ? ನನಗೆ ಗೊತ್ತಿರಲಿಲ್ಲ. ಬೆಳಗಿನ ಹುಡುಗನನ್ನು ಕೇಳಿದೆ. "ನಂಗೂ ಗೊತ್ತಿಲ್ಲ, ಅದಕ್ಕೇ ಡಿಎಂ ಮಾಡಿ ಅಂತ ಹೇಳೋದು" ಎಂದ. ಡಿಎಂ ಮಾಡಿದವರಿಗೆ ಏನು ಹೇಳ್ತೀಯ? "ಕಸ್ಟಮರ್ ಕೇರ್‌ಗೆ ಮೇಲ್ ಹಾಕಿ ಅಂತ."

ಮೂರು ತಿಂಗಳ ಬ್ರೋ, ಗುರು, ಹಹ ಎಲ್ಲದರ ಹಿಂದೆ ಇದ್ದದ್ದು ಇದು. ಪಾಪ, ಹುಡುಗರಿಗೆ ಹೇಳಲು ಉತ್ತರವೇ ಇರಲಿಲ್ಲ. ಉತ್ತರ ಇಲ್ಲದ ಜಾಗವನ್ನು ಅವರು ಸಲಿಗೆಯಿಂದ ತುಂಬಿದ್ದರು, ನಾನು ಗತ್ತಿನಿಂದ ತುಂಬಲು ಹೊರಟಿದ್ದೆ.

ಜಿಪ್ಪಿನ ವಿಷಯ ಹಿಡಿದುಕೊಂಡು ರಿಪೇರಿ ವಿಭಾಗಕ್ಕೆ ಹೋದೆ. ಅಲ್ಲಿನ ಹಿರಿಯರು ನನ್ನ ಶೀಟನ್ನು ನೋಡಲೇ ಇಲ್ಲ. ಎದುರಿಗಿದ್ದ ಬ್ಯಾಗೊಂದನ್ನು ಎತ್ತಿ ಪಕ್ಕದ ಜೇಬಿನ ಜಿಪ್ ಎಳೆದು ತೋರಿಸಿದರು. ರನ್ನರ್ ಮುಂದೆ ಹೋಯಿತು, ಹಿಂದೆ ಹಲ್ಲುಗಳು ಕೂಡಿಕೊಳ್ಳದೆ ಬಾಯಿ ತೆರೆದುಕೊಂಡೇ ಉಳಿದವು. "ಹಲ್ಲು ಎಲ್ಲ ಸರಿಯಾಗೇ ಇದೆ ನೋಡಿ. ರನ್ನರಿನ ಬಾಯಿ ಅಗಲ ಆಗಿದೆ, ಅದಕ್ಕೇ ಹಲ್ಲನ್ನ ಒತ್ತಿ ಕೂಡಿಸ್ತಿಲ್ಲ. ಆ ಜೇಬಿಗೆ ಹಾಕಿರೋದು ಸಣ್ಣ ಜಿಪ್. ಬಾಟಲಿ ತುರುಕಿ ಎಳೆದರೆ ರನ್ನರ್ ತಡೆಯಲ್ಲ. ಜಿಪ್ ಬದಲಾಯಿಸೋದೇ ಬೇಡ, ರನ್ನರ್ ಒಂದು ಹಾಕಿದರೆ ಆಯ್ತು. ಐದು ನಿಮಿಷದ ಕೆಲಸ."

ಐದು ನಿಮಿಷದ ಕೆಲಸಕ್ಕೆ ನಾವು ಮೂರು ತಿಂಗಳು ‘ಜೋಪಾನವಾಗಿ ಬಳಸಿ’ ಅಂತ ಬರೆದಿದ್ದೆವು.

ಶೀಟಿಗೆ ವಾಪಸ್ ಬಂದು ಜಿಪ್ ಅನ್ನುವ ಪದ ಇರುವ ಕಾಮೆಂಟುಗಳನ್ನೆಲ್ಲ ಒಟ್ಟಿಗೆ ಹಾಕಿದೆ. ಎಲ್ಲಿನ ಜಿಪ್ ಅಂತ ಹೇಳಿದ್ದವರಲ್ಲಿ ಹೆಚ್ಚುಕಮ್ಮಿ ಎಲ್ಲರದೂ ಅದೇ ಪಕ್ಕದ ಜೇಬು. ಇದನ್ನು ಹಿಡಿದುಕೊಂಡು ಮೇಡಂ ಜೊತೆ ಕೂತು, ಲೆಕ್ಕಪತ್ರದವರನ್ನೂ ಕರೆಸಿ, ಒಂದು ತೀರ್ಮಾನಕ್ಕೆ ಬಂದೆವು. ಪಕ್ಕದ ಜೇಬಿನ ರನ್ನರ್ ಹೋದರೆ ಬಿಲ್ ಕೇಳದೆ, ದುಡ್ಡು ತೆಗೆದುಕೊಳ್ಳದೆ ಹಾಕಿಕೊಡುವುದು. ಹಲ್ಲೇ ಮುರಿದಿದ್ದರೆ ಬ್ಯಾಗ್ ತರಿಸಿ ನೋಡಿ ಹೇಳುವುದು.

ಆಮೇಲೆ ಕ್ಷಮೆಯ ಜಗಳ ಶುರುವಾಯಿತು. ಕಾನೂನು ನೋಡಿಕೊಳ್ಳುವವರು "ಎಲ್ಲರೆದುರು ಕ್ಷಮೆ ಕೇಳಿದರೆ ತಪ್ಪು ಒಪ್ಪಿಕೊಂಡ ಹಾಗೆ, ಬೇಡ" ಅಂದರು. ಅವರು ಬರೆದುಕೊಟ್ಟ ವಾಕ್ಯ: "ತೊಂದರೆಯಾಗಿದ್ದರೆ ಕ್ಷಮಿಸಿ." ನನಗೆ ಅದರಲ್ಲಿನ ‘ಆಗಿದ್ದರೆ’ ಒಪ್ಪಿಗೆಯಾಗಲಿಲ್ಲ. ಜಿಪ್ ಕಿತ್ತುಹೋದವರಿಗೆ ತೊಂದರೆಯಾಗಿದೆಯೋ ಇಲ್ಲವೋ ಅಂತ ಅನುಮಾನ ಪಟ್ಟ ಹಾಗಾಯಿತು. ಮೇಡಂ ಮುಂದೆ ಎರಡೂ ವಾಕ್ಯ ಜೋರಾಗಿ ಓದಿದೆ. "ತೊಂದರೆಯಾಗಿದ್ದರೆ ಕ್ಷಮಿಸಿ." "ತೊಂದರೆಯಾಗಿದ್ದಕ್ಕೆ ಕ್ಷಮಿಸಿ." ವ್ಯತ್ಯಾಸ ಒಂದೇ ಪದದ ಕೊನೆಯಲ್ಲಿದೆ, ಆದರೆ ಮೊದಲನೆಯದನ್ನು ಕೇಳಿದರೆ ಸಿಟ್ಟು ಬರುತ್ತದೆ.

ಕೊನೆಗೆ ಎರಡು ಹಂತ ಮಾಡಿಕೊಂಡೆವು. ಕಾರಣ ಇನ್ನೂ ಗೊತ್ತಿಲ್ಲದಾಗ, ಆಗಿರುವ ತೊಂದರೆಗೆ ಮಾತ್ರ ಕ್ಷಮೆ: "ಎರಡು ಸಲ ಕಾಯಬೇಕಾಗಿ ಬಂದದ್ದಕ್ಕೆ ಕ್ಷಮಿಸಿ." ಕಾಯಬೇಕಾಗಿ ಬಂದದ್ದು ನಿಜ, ಅದನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ. ಕಾರಣ ಗೊತ್ತಾಗಿ ಅದು ನಮ್ಮದೇ ಅಂತ ಖಾತ್ರಿಯಾದಾಗ, ನೇರವಾಗಿ "ತಪ್ಪು ನಮ್ಮದು." ಅಲ್ಲಿ ‘ಕಣ್ತಪ್ಪಿನಿಂದ’, ‘ತಾಂತ್ರಿಕ ಕಾರಣಗಳಿಂದ’ ಅಂತೆಲ್ಲ ಅಡ್ಡ ಇಡುವಂತಿಲ್ಲ. ‘ಕ್ಷಮೆ ಯಾಚಿಸುತ್ತೇವೆ’ ಅನ್ನುವುದನ್ನು ಪಟ್ಟಿಯಿಂದಲೇ ತೆಗೆದೆ. ‘ಕ್ಷಮಿಸಿ’ ಸಾಕು. ಎಕ್ಸ್‌ನಲ್ಲಿ ಇದರಿಂದ ಇನ್ನೊಂದು ಲಾಭವೂ ಇದೆ. ಅಲ್ಲಿ ಮಾಮೂಲಿ ಖಾತೆಗೆ 280 ಅಕ್ಷರದ ಮಿತಿ. ಆದರೆ ಅದು ಎಣಿಸುವುದು ನಾವು ಎಣಿಸುವ ಅಕ್ಷರವನ್ನಲ್ಲ. ಗುಣಿತದ ಚಿಹ್ನೆ, ಒತ್ತಕ್ಷರದ ಕೊಂಡಿ ಎಲ್ಲವನ್ನೂ ಬೇರೆಬೇರೆ ಎಣಿಸುತ್ತದೆ. ನಮಗೆ ‘ಕ್ಷಮಿಸಿ’ ಮೂರಕ್ಷರ, ಅದಕ್ಕೆ ಏಳು. ‘ಕ್ಷಮೆ ಯಾಚಿಸುತ್ತೇವೆ’ ನಡುವಿನ ಜಾಗವೂ ಸೇರಿ ಹದಿನೆಂಟು. ಕನ್ನಡದಲ್ಲಿ ಡೌಲಿನ ಮಾತಿಗೆ ಜಾಗ ದುಬಾರಿ.

ಇಷ್ಟೆಲ್ಲ ಆದಮೇಲೆ ಜಿಪ್ಪಿನ ಉತ್ತರ ಹೀಗಾಯಿತು:

"ನಮಸ್ಕಾರ. ಹದಿನೈದೇ ದಿನಕ್ಕೆ ಜಿಪ್ ಕೈಕೊಟ್ಟಿದ್ದಕ್ಕೆ ಕ್ಷಮಿಸಿ. ಪಕ್ಕದ ಜೇಬಿನ ರನ್ನರ್ ಸಡಿಲವಾಗಿರಬಹುದು. ಹಾಗಿದ್ದರೆ ಹೊಸ ರನ್ನರ್ ಉಚಿತವಾಗಿ ಹಾಕಿಕೊಡುತ್ತೇವೆ, ಬಿಲ್ ಬೇಕಿಲ್ಲ. ಜಿಪ್ಪಿನ ಒಂದು ಫೋಟೊ ಈ ಪೇಜಿಗೆ ಮೆಸೇಜ್ ಮಾಡಿ. ನಾಳೆ ಸಂಜೆಯೊಳಗೆ ಮುಂದಿನದನ್ನು ತಿಳಿಸುತ್ತೇವೆ."

ಇದರಲ್ಲಿ ಡಿಎಂಗೆ ಬನ್ನಿ ಅನ್ನುವುದು ಹಳೆಯ ಉತ್ತರದಲ್ಲೂ ಇತ್ತು. ಈಗ ಬಂದರೆ ಏನು ಸಿಗುತ್ತದೆ ಅಂತ ಎಲ್ಲರೆದುರು ಮೊದಲೇ ಹೇಳಿಯಾಗಿದೆ. ಕಾಮೆಂಟ್ ಹಾಕಿದವರು ಒಬ್ಬರೇ ಇರಬಹುದು, ಆದರೆ ಅದೇ ಜಿಪ್ ಕಿತ್ತುಹೋಗಿ ಸುಮ್ಮನೆ ಕೂತು ಓದುವವರು ಎಷ್ಟು ಜನವೋ. ಅವರಿಗೂ ಉತ್ತರ ಸಿಕ್ಕಿತು. ಮುಂದಿನ ಎರಡು ವಾರ ಕಾಮೆಂಟನ್ನೇ ಹಾಕದೆ ನೇರವಾಗಿ ಜಿಪ್ಪಿನ ಫೋಟೊ ಕಳಿಸಿದವರು ಬಂದರು. ಫೋಟೊ ಕೇಳಿದ್ದಕ್ಕೂ ಕಾರಣವಿದೆ. ಹಲ್ಲು ಸಾಲಾಗಿ ನೆಟ್ಟಗಿದ್ದು ನಡುವೆ ಬಾಯಿ ತೆರೆದಿದ್ದರೆ ರನ್ನರಿನ ತೊಂದರೆ. ಒಂದು ಕಡೆ ಹಲ್ಲೇ ಇಲ್ಲದಿದ್ದರೆ ಬೇರೆ. ಬ್ಯಾಗ್ ತರಿಸುವ ಮೊದಲೇ ಗೊತ್ತಾಗುತ್ತದೆ.

ಕರೆಯುವುದು ಹೇಗೆ ಅನ್ನುವುದು ಇನ್ನೊಂದು ತಲೆನೋವು. ‘ಬ್ರೋ’ ಬೇಡ ಅಂದಾಗ ಹುಡುಗರು ತಕ್ಷಣ ‘ಸರ್’ಗೆ ಹೋದರು. ಎರಡನೇ ದಿನವೇ ಒಬ್ಬರು "ನಾನು ಸರ್ ಅಲ್ಲ" ಎಂದು ಬರೆದರು. ಪ್ರೊಫೈಲಿನಲ್ಲಿ ಬೈಕಿನ ಚಿತ್ರ ಇದ್ದದ್ದಕ್ಕೆ ನಮ್ಮವರು ಗಂಡಸು ಅಂದುಕೊಂಡಿದ್ದರು. ‘ಸರ್/ಮೇಡಂ’ ಅಂತ ಅಡ್ಡಗೀಟು ಹಾಕಿದರೆ ಅರ್ಜಿ ನಮೂನೆಯ ಹಾಗೆ ಕಾಣುತ್ತದೆ. ಹೆಸರು ಹಿಡಿದು ಕರೆಯೋಣ ಅಂದರೆ ಅರ್ಧ ಜನರ ಹೆಸರು ‘ಒಂಟಿ ಸಲಗ’, ‘ಮಳೆಹನಿ’ ಥರದ್ದು. "ಒಂಟಿ ಸಲಗ ಅವರೇ, ನಿಮ್ಮ ಬ್ಯಾಗ್ ತಲುಪಿತೇ?" ಅಂತ ಕೇಳಿದರೆ ಕಾಲೆಳೆದ ಹಾಗೇ ಆಗುತ್ತದೆ.

ಪುಣ್ಯಕ್ಕೆ ಕನ್ನಡದ ‘ನೀವು’ಗೆ ಗಂಡು ಹೆಣ್ಣು ಇಲ್ಲ. ‘ಅವರೇ’ಗೂ ಇಲ್ಲ. ಅದಕ್ಕೆ ಹೀಗೆ ಮಾಡಿಕೊಂಡೆವು: ನಿಜವಾದ ಹೆಸರು ಅಂತ ಸ್ಪಷ್ಟವಾಗಿ ಕಂಡರೆ ಹೆಸರಿನ ಮುಂದೆ ‘ಅವರೇ’. ಇಲ್ಲದಿದ್ದರೆ ಬರೀ ‘ನಮಸ್ಕಾರ’, ಆಮೇಲೆ ‘ನೀವು’. ‘ತಾವು’, ‘ತಮ್ಮ’ ಬೇಡ. ಅದು ಮರ್ಯಾದೆಯ ಮಾತೇ ಇರಬಹುದು, ಆದರೆ ನೋಟೀಸಿನಲ್ಲಿ ಓದಿ ಓದಿ ನಮಗೆ ಅದರಲ್ಲಿ ದೂರವೇ ಕೇಳಿಸುತ್ತದೆ. ‘ನೀನು’ ಅಂತೂ ಗ್ರಾಹಕರೇ ಮೊದಲು ಬಳಸಿದರೂ ಬೇಡ. ‘ಏನ್ ಗುರು ಎಲ್ಲಿ ನನ್ ಬ್ಯಾಗು’ ಅಂತ ಅವರು ಕೇಳಬಹುದು, ಅದು ಅವರ ಹಕ್ಕು.

ಹಾಗಂತ ನಗುವನ್ನೇ ನಿಲ್ಲಿಸಿಬಿಟ್ಟೆವು ಅಂತಲ್ಲ. ಸಂಜೆಯವರ ಜೊತೆ ನನಗೆ ಜಾಸ್ತಿ ವಾದ ನಡೆದದ್ದು ಇದರ ಮೇಲೆ. "ಎಲ್ಲ ಒಣಗಿಸಿಬಿಟ್ರಿ" ಅಂತ ಅವರಿಗೆ ಬೇಜಾರು. ಅವರು ಹೇಳಿದ್ದರಲ್ಲಿ ನಿಜವಿತ್ತು. ಅವರ ಹಳೆಯ ಉತ್ತರಗಳಲ್ಲಿ ಚೆಂದದವೂ ಇದ್ದವು. ಒಬ್ಬರು ನಮ್ಮ ಬ್ಯಾಗಿನೊಳಗೆ ಬೆಕ್ಕು ಮಲಗಿದ ಫೋಟೊ ಹಾಕಿ "ಬ್ಯಾಗ್ ನನಗೆ ಸಿಗ್ತಿಲ್ಲ" ಅಂದಿದ್ದರು. ಇವರು "ಓನರ್ ಬದಲಾಗಿದ್ದಾರೆ ಅಂತ ನಮ್ಮ ದಾಖಲೆಯಲ್ಲಿ ತಿದ್ದಿಕೊಂಡಿದ್ದೇವೆ" ಎಂದು ಬರೆದಿದ್ದರು. ಇದರಲ್ಲಿ ತಿದ್ದಲು ನನಗೆ ಏನೂ ಸಿಗಲಿಲ್ಲ. ಅದನ್ನು ಹಾಗೇ ಮಾದರಿ ಪಟ್ಟಿಯ ಮೊದಲಿಗೆ ಹಾಕಿದೆ. ಗ್ರಾಹಕರು ನಗುತ್ತಾ ಬಂದರೆ ನಾವೂ ನಗಬಹುದು. ದುಡ್ಡು, ಸಮಯ ಅಥವಾ ಮೈಗೆ ಪೆಟ್ಟು ಬಿದ್ದ ಮಾತಿದ್ದರೆ ನಗುವಂತಿಲ್ಲ. ಬ್ಯಾಗಿನ ಪಟ್ಟಿ ಭುಜಕ್ಕೆ ಉಜ್ಜಿ ಗಾಯವಾಗಿದೆ ಅಂದವರಿಗೆ "ಜಿಮ್‌ಗೆ ಹೋಗಿ ಬಾಸ್" ಅಂತ ಬರೆದದ್ದನ್ನು ಅವರಿಗೇ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ, ತಾವೇ ಅದನ್ನು ಬದಲಿಸಿ ಬರೆದುಕೊಟ್ಟರು.

ಹಳೆಯ ಉತ್ತರಗಳನ್ನು ಏನು ಮಾಡುವುದು ಅನ್ನುವ ಪ್ರಶ್ನೆ ಬಂತು. ಮೇಡಂಗೆ ಎಲ್ಲವನ್ನೂ ತಿದ್ದಿಬಿಡುವ ಆಸೆ. ಬೇಡ ಅಂದೆ. ಫೇಸ್‌ಬುಕ್‌ನಲ್ಲಿ ಕಾಮೆಂಟ್ ತಿದ್ದಿದರೆ ತಿದ್ದಿದ ಗುರುತು ಬೀಳುತ್ತದೆ, ಅದನ್ನು ಒತ್ತಿದರೆ ಹಳೆಯ ಮಾತು ಕಾಣುತ್ತದೆ. ಅಳಿಸಿದರೂ ಕೆಳಗೆ ಜನ ಬರೆದದ್ದು ಉಳಿದು, ಏನೋ ಮುಚ್ಚಿಟ್ಟ ಹಾಗಾಗುತ್ತದೆ. ಅದಕ್ಕೆ ದೂರು ಇನ್ನೂ ಬಗೆಹರಿಯದ ಕಡೆ ಮಾತ್ರ, ಹಳೆಯದನ್ನು ಹಾಗೇ ಬಿಟ್ಟು, ಅದರ ಕೆಳಗೆ ಹೊಸ ಉತ್ತರ ಹಾಕಿದೆವು. "ಈ ಹಿಂದೆ ಕೊಟ್ಟ ಉತ್ತರದಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಕ್ಷಮಿಸಿ" ಅಂತ ಶುರುಮಾಡಿ, ಆಮೇಲೆ ರನ್ನರಿನ ವಿಷಯ. ಒಬ್ಬರು "ಆರು ವಾರ ಆದ್ಮೇಲೆ ನೆನಪಾಯ್ತಾ?" ಅಂತ ಕೇಳಿದರು. "ಹೌದು, ತಡವಾಯಿತು. ತಪ್ಪು ನಮ್ಮದು. ಈಗಲೂ ಹಾಕಿಕೊಡುತ್ತೇವೆ" ಅಂತ ಬರೆದೆವು. ಅವರು ಬ್ಯಾಗ್ ಕಳಿಸಿದರು. ಇನ್ನು ಕೆಲವರು ತಿರುಗಿಯೂ ನೋಡಲಿಲ್ಲ. ಅದು ಅಷ್ಟೇ.

ಇದೇ ಹಳೆಯ ಉತ್ತರಗಳಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಬೇರೆ ಒಂದು ಸಾಲು: "ನಂಬರ್ ಹಾಕಿ ಬ್ರೋ ಕಾಲ್ ಮಾಡ್ತೀವಿ." ಜನ ನಂಬಿ ಫೋನ್ ನಂಬರ್, ಕೆಲವರು ಮನೆ ವಿಳಾಸವನ್ನೂ ಕಾಮೆಂಟಿನಲ್ಲೇ ಬರೆದಿದ್ದರು. ನಮ್ಮದೇ ಲೋಗೋ ಹಾಕಿಕೊಂಡ ನಕಲಿ ಖಾತೆಯೊಂದು ಅಂಥ ಕಾಮೆಂಟುಗಳ ಕೆಳಗೇ ಹೋಗಿ "ರೀಫಂಡ್ ಬೇಕಾದ್ರೆ ಈ ನಂಬರಿಗೆ ಫೋನ್ ಮಾಡಿ" ಅಂತ ಬರೆಯುತ್ತಿತ್ತು. ನಮ್ಮ ಭಾಷೆ ಎಷ್ಟು ಸಡಿಲವಾಗಿತ್ತು ಅಂದರೆ, ಆ ಕಳ್ಳ ಖಾತೆಯ ‘ಬ್ರೋ’ಗೂ ನಮ್ಮ ‘ಬ್ರೋ’ಗೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ನಂಬರ್ ಇದ್ದ ಕಾಮೆಂಟುಗಳನ್ನು ಅವತ್ತೇ ಮರೆಮಾಡಿದೆವು. ಆದರೆ ಫೇಸ್‌ಬುಕ್‌ನಲ್ಲಿ ಮರೆಮಾಡಿದ ಕಾಮೆಂಟ್ ಬರೆದವರಿಗೂ ಅವರ ಸ್ನೇಹಿತರಿಗೂ ಕಾಣುತ್ತಲೇ ಇರುತ್ತದೆ. ಹಾಗಾಗಿ ಒಬ್ಬೊಬ್ಬರಿಗೂ ಮೆಸೇಜ್ ಮಾಡಿ, ನೀವೇ ಅಳಿಸಿ ಅಂತ ಕೇಳಿಕೊಂಡೆವು. ನಕಲಿ ಖಾತೆಯ ಬಗ್ಗೆ ದೂರು ಕೊಟ್ಟು, ಪೇಜಿನಲ್ಲೂ ಹಾಕಿದೆವು. ಅಂದಿನಿಂದ ವಿವರ ಕೇಳುವ ಪ್ರತಿ ಉತ್ತರದಲ್ಲೂ ಒಂದು ವಾಕ್ಯ ಕಾಯಂ: "ಫೋನ್ ನಂಬರ್, ವಿಳಾಸ ಇಲ್ಲಿ ಬರೆಯಬೇಡಿ." ಅದರ ಇನ್ನೊಂದು ಮುಖವೂ ಇದೆ. ನಾವೂ ಅವರ ವಿವರವನ್ನು ಎಲ್ಲರೆದುರು ಬಿಚ್ಚಿಡಬಾರದು. "ನಿಮ್ಮ ಆರ್ಡರ್ ಮಂಗಳವಾರ ನಿಮ್ಮ ಆಫೀಸಿಗೆ ತಲುಪಿದೆ" ಅಂತ ಮಧ್ಯಾಹ್ನದವರು ಒಮ್ಮೆ ಬರೆದಿದ್ದರು. ಮಾತು ಶಿಸ್ತಾಗೇ ಇದೆ. ಆದರೆ ಆಫೀಸಿಗೆ ಏನು ತರಿಸಿಕೊಂಡರು ಅನ್ನುವುದು ಊರಿಗೆಲ್ಲ ಯಾಕೆ?

ಮಾದರಿ ಉತ್ತರಗಳು ಸಿದ್ಧವಾದ ಮೇಲೆ ನಾನು ಊಹಿಸದ ಒಂದು ತೊಂದರೆ ಎದ್ದಿತು. ಹುಡುಗರು ಅವನ್ನು ಹಾಗೆಹಾಗೇ ಅಂಟಿಸಲು ಶುರುಮಾಡಿದರು. ಒಂದೇ ಪೋಸ್ಟಿನ ಕೆಳಗೆ ಒಂದೇ ಉತ್ತರ ಒಂಬತ್ತು ಸಲ. ಯಾರೋ "ಯಂತ್ರ ಕೂರಿಸಿದ್ದಾರೆ" ಅಂತ ಬರೆದರು. ಒಂದೇ ದನಿ ಬೇಕು ಅಂತ ಹೊರಟು ಒಂದೇ ವಾಕ್ಯಕ್ಕೆ ಬಂದು ನಿಂತಿದ್ದೆವು. ಆಗ ಮಾದರಿಗಳನ್ನು ಕಿತ್ತುಹಾಕಿ, ಅವುಗಳ ಜಾಗದಲ್ಲಿ ಒಂದು ಪುಟದ ಚೀಟಿ ಮಾಡಿದೆ. ಎಡಗಡೆ ದೂರಿನ ವಿಷಯ, ಬಲಗಡೆ ನಾವು ಮಾಡಿಕೊಡುವ ಕೆಲಸ. ವಾಕ್ಯ ಅವರೇ ಕಟ್ಟಬೇಕು. ಮೊದಲ ವಾಕ್ಯದಲ್ಲಿ ಮಾತ್ರ ಗ್ರಾಹಕರು ಬಳಸಿದ ಒಂದು ಪದ ಇರಲೇಬೇಕು ಅಂತ ಮಾಡಿದೆ. ಅವರು ‘ಬಿಚ್ಕೊಳ್ಳುತ್ತೆ’ ಅಂದರೆ ನಾವು ‘ಬಿಚ್ಚಿಕೊಳ್ಳುತ್ತಿರುವುದಕ್ಕೆ’ ಅನ್ನಬೇಕು, ‘ದೋಷ’ ಅನ್ನಬಾರದು. ಇದರಿಂದ ಒಂದು ಉಪಕಾರವೂ ಆಯಿತು. ಪದ ಹುಡುಕಲು ಕಾಮೆಂಟನ್ನು ಕೊನೆಯವರೆಗೆ ಓದಲೇಬೇಕು. ‘ಸೂಪರ್ ಕ್ವಾಲಿಟಿ ಕಣ್ರಪ್ಪ’ಕ್ಕೆ ಹೃದಯ ಹಾಕುವ ಕೆಲಸ ಆಮೇಲೆ ಆಗಿಲ್ಲ.

ಎರಡನೇ ತಿಂಗಳ ಕೊನೆಗೆ ಒಂದು ಪರೀಕ್ಷೆ ಮಾಡಿದೆ. ಆ ವಾರದ ಮೂವತ್ತು ಉತ್ತರಗಳನ್ನು ಹೆಸರಿಲ್ಲದೆ ಮುದ್ರಿಸಿ, ಯಾವುದನ್ನು ಯಾರು ಬರೆದದ್ದು ಅಂತ ಆ ಮೂವರನ್ನೇ ಕೇಳಿದೆ. ಶುರುವಿನಲ್ಲಿ ಇದನ್ನೇ ಮಾಡಿದ್ದರೆ ಮೂವತ್ತಕ್ಕೆ ಮೂವತ್ತೂ ಹೇಳಿಬಿಡುತ್ತಿದ್ದರು. ಈಗ ತಮ್ಮದನ್ನೇ ಬೇರೆಯವರದು ಅಂದರು, ಬೇರೆಯವರದನ್ನು ತಮ್ಮದು ಅಂದರು. ಮಧ್ಯಾಹ್ನದವರದು ಮಾತ್ರ ಎರಡು ಕಡೆ ಸಿಕ್ಕಿಬಿತ್ತು. ‘ಪರಿಶೀಲಿಸಲಾಗುತ್ತಿದೆ’ ಅನ್ನುವುದು ಅವರ ಕೈಯಿಂದ ಇನ್ನೂ ಬಿಟ್ಟುಹೋಗಿರಲಿಲ್ಲ. ಕೇಳಿದರೆ "ನಿಜವಾಗಿಯೂ ಪರಿಶೀಲಿಸಲಾಗುತ್ತಿದೆ, ಯಾರು ಅಂತ ನನಗೆ ಗೊತ್ತಿಲ್ಲ" ಅಂದರು. ಅದು ಯಾವ ದೂರು ಅಂತ ನೋಡಿದೆ. ಎರಡೂ ಕಡೆ ಒಂದೇ: ಮಳೆಯಲ್ಲಿ ನೆನೆದರೆ ಬ್ಯಾಗಿನ ನೀಲಿ ಬಣ್ಣ ಅಂಗಿಗೆ ಹತ್ತುತ್ತದೆ.

ಚೀಟಿಯಲ್ಲಿ ಆ ಸಾಲಿನ ಬಲಗಡೆ ಈಗಲೂ ಖಾಲಿ ಇದೆ. ಬಟ್ಟೆ ಕೊಡುವವರು ಬಣ್ಣ ಹಾಕುವವರನ್ನು ತೋರಿಸುತ್ತಿದ್ದಾರೆ, ಅವರು ಇವರನ್ನು. ಅಂಗಿಯ ನಷ್ಟ ಯಾರು ಕೊಡಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಸದ್ಯಕ್ಕೆ ಆ ಕಾಮೆಂಟುಗಳಿಗೆ ಹೀಗೆ ಬರೆಯುತ್ತಿದ್ದೇವೆ: "ನಿಮ್ಮ ಅಂಗಿಗೆ ಬಣ್ಣ ಹತ್ತಿದ್ದಕ್ಕೆ ಕ್ಷಮಿಸಿ. ಕಾರಣ ನಮಗೆ ಇನ್ನೂ ಸಿಕ್ಕಿಲ್ಲ. ಶುಕ್ರವಾರ ಇಲ್ಲೇ ಬಂದು ಎಲ್ಲಿಗೆ ಬಂತು ಅಂತ ಹೇಳುತ್ತೇವೆ." ಎರಡು ಶುಕ್ರವಾರ ಹೋಗಿ ಹೇಳಿದ್ದೂ ಆಯಿತು, ಹೇಳಲು ಹೊಸದೇನೂ ಇರಲಿಲ್ಲ. ಮೂರನೆಯದು ನಾಡಿದ್ದು ಬರುತ್ತದೆ.